ಹಲೋ ಆದ ಮ್ಯಾಲಿನ ಎರಡನೇ ಮಾತು

ಬೀದರ್, ಭಾಲ್ಕಿ, ಔರಾದ ಕಡೆಯ ಜನರ ಫೋನ್ ಮಾತಿನ ಬಗ್ಗೆ ಕರ್ನಾಟಕದ ಬೇರೆ ಕಡೆಯವರದ್ದೊಂದು ದೂರುಂಟು. ಎತ್ತಿದವರು ಹೆಸರು ಹೇಳುವುದಿಲ್ಲ, ನಮಸ್ಕಾರವೂ ಇಲ್ಲ, ‘ಹಲೋ’ ಎಂದವರೇ ನೇರವಾಗಿ ‘ಯಾರ್ರೀ?’ ಎನ್ನುತ್ತಾರೆ. ಇನ್ನೂ ವಿಚಿತ್ರವೆಂದರೆ, ಎಷ್ಟೋ ಸಲ ತಾವೇ ಫೋನ್ ಹಚ್ಚಿ ‘ಯಾರ್ ಮಾತಾಡ್ಲತ್ತೀರಿ?’ ಎಂದು ಎತ್ತಿದವರನ್ನೇ ಕೇಳುತ್ತಾರೆ. ಬಾಗಿಲು ಬಡಿದವನೇ ಮನೆಯವರನ್ನು ‘ನೀವ್ಯಾರು’ ಎಂದು ಕೇಳಿದಂತಾಯಿತಲ್ಲ, ಇದು ಒರಟುತನವಲ್ಲವೇ ಎಂಬುದು ಆ ದೂರಿನ ತಿರುಳು. ಈ ಲೇಖನದ ವಾದ ಅದಕ್ಕೆ ವಿರುದ್ಧವಾದದ್ದು. ಈ ಭಾಗದ ಕನ್ನಡದಲ್ಲಿ ‘ಹಲೋ’ ಆದ ಮೇಲೆ ಬರುವ ಎರಡನೆಯ ಮಾತಿಗೆ ಬಹಳ ಕೆಲಸವಿದೆ. ಆಚೆ ಕಡೆ ಇರುವವರು ಯಾರು, ಅವರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು, ‘ನೀ’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂಬ ಮೂರೂ ಅಲ್ಲೇ ಇತ್ಯರ್ಥವಾಗಬೇಕು. ಅದು ಆಗದೆ ವಿಷಯಕ್ಕೆ ಹೋಗಲು ದಾರಿಯಿಲ್ಲ. ಪರದೆಯ ಮೇಲೆ ಹೆಸರು ಮೂಡಿದರೆ ಈ ಪ್ರಶ್ನೆ ತಾನಾಗಿ ಅಳಿಯುತ್ತದೆ ಎಂದು ನಂಬಿದವರು ಮೂರರಲ್ಲಿ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ.

ಫೋನಿನ ಮೊದಲ ಮಾತುಗಳನ್ನು ಕೂತು ಗಮನಿಸಿದ ವಿದ್ವಾಂಸರಲ್ಲಿ ಮೊದಲು ಬರುವ ಹೆಸರು ಅಮೆರಿಕದ ಇಮ್ಯಾನುಯೆಲ್ ಶೆಗ್ಲಾಫ್ ಅವರದ್ದು. 1968ರಲ್ಲಿ ಪ್ರಕಟವಾದ ಅವರ ಲೇಖನಕ್ಕೆ ಆಧಾರ, ಪೊಲೀಸ್ ಕಚೇರಿಯೊಂದರ ಸುಮಾರು ಐನೂರು ಕರೆಗಳ ಧ್ವನಿಮುದ್ರಣ. ಎತ್ತಿದವರು ಮೊದಲು ಮಾತಾಡುತ್ತಾರೆ ಎಂಬ ನಿಯಮಕ್ಕೆ ಅಷ್ಟೂ ಕರೆಗಳಲ್ಲಿ ಒಂದೇ ಒಂದು ಅಪವಾದ ಸಿಕ್ಕಿತು. ಅಲ್ಲಿ ಎತ್ತಿದವರು ಒಂದು ಸೆಕೆಂಡ್ ಸುಮ್ಮನಿದ್ದರು, ಆಗ ಕರೆ ಮಾಡಿದ ಪೊಲೀಸರೇ ‘ಹಲೋ’ ಎಂದರು. ಆ ಒಂದು ಕರೆಗಾಗಿ ಶೆಗ್ಲಾಫ್ ಇಡೀ ನಿಯಮವನ್ನು ಮತ್ತೆ ಯೋಚಿಸಿದರು. ಫೋನಿನ ರಿಂಗ್ ಅಂದರೆ ಒಂದು ಕೂಗು, ಎತ್ತಿದವರ ‘ಹಲೋ’ ಅಂದರೆ ಆ ಕೂಗಿಗೆ ಓಗೊಟ್ಟದ್ದು. ಓಗೊಡದಿದ್ದರೆ ಕೂಗಿದವರು ಇನ್ನೊಮ್ಮೆ ಕೂಗುತ್ತಾರೆ, ಪೊಲೀಸರ ‘ಹಲೋ’ ಆ ಎರಡನೆಯ ಕೂಗು. ಇದು ನಮ್ಮ ವಿಷಯಕ್ಕೆ ಬೇಕಾದದ್ದು ಹೇಗೆಂದರೆ, ‘ಹಲೋ’ ಎಂಬುದರಲ್ಲಿ ಪರಿಚಯದ ಪಾಲು ಏನೂ ಇಲ್ಲ. 1877ರಲ್ಲಿ ಥಾಮಸ್ ಎಡಿಸನ್ ಪತ್ರವೊಂದರಲ್ಲಿ ಈ ಶಬ್ದ ಸೂಚಿಸಿದ್ದು ಕೂಡ ದೂರಕ್ಕೆ ಕೇಳಿಸುವ ಕೂಗೆಂದೇ. ಆದ್ದರಿಂದ ಬೀದರಿನವರು ‘ಹಲೋ’ದಲ್ಲಿ ಏನನ್ನೂ ಬಿಟ್ಟುಕೊಡುವುದಿಲ್ಲ ಎಂದು ಆಕ್ಷೇಪಿಸುವುದರಲ್ಲಿ ಅರ್ಥವಿಲ್ಲ. ಯಾವ ಊರಿನಲ್ಲಿಯೂ ಅದು ಬಿಟ್ಟುಕೊಡುವ ಮಾತಲ್ಲ.

ಹೆಸರು ಹೇಳುವ ರೂಢಿ ಇರುವ ನಾಡುಗಳಿಲ್ಲವೇ ಎಂದರೆ ಇವೆ. ನೆದರ್ಲೆಂಡ್ಸ್ ಮತ್ತು ಸ್ವೀಡನ್ನಿನ ಸ್ಥಿರ ದೂರವಾಣಿಗಳಲ್ಲಿ ಎತ್ತಿದವರು ತಮ್ಮ ಹೆಸರನ್ನೇ ಹೇಳುತ್ತಿದ್ದರು. ಅದೇ ಅಲ್ಲಿನ ‘ಹಲೋ’. ನಮ್ಮಲ್ಲಿ ಆ ರೂಢಿ ಬೇರೂರದಿರಲು ಮೊದಲ ಕಾರಣ, ಇಲ್ಲಿ ಫೋನ್ ಬಹಳ ಕಾಲ ಒಬ್ಬರದ್ದಾಗಿರಲಿಲ್ಲ. ಮೊಬೈಲ್ ಬರುವುದಕ್ಕೆ ಮುಂಚಿನ ಲಗ್ನಪತ್ರಿಕೆ, ಅಂಗಡಿ ರಸೀದಿ, ವಿಸಿಟಿಂಗ್ ಕಾರ್ಡ್‌ಗಳಲ್ಲಿ ನಂಬರಿನ ಮುಂದೆ ‘ಪಿ.ಪಿ.’ ಎಂದು ಅಚ್ಚಾಗಿರುತ್ತಿತ್ತು. ಆ ನಂಬರ್ ನೆರೆಮನೆಯದ್ದೋ ಎದುರಿನ ಅಂಗಡಿಯದ್ದೋ, ಹಚ್ಚಿ ಕೇಳಿದರೆ ಕರೆಸಿ ಕೊಡುತ್ತಾರೆ ಎಂಬುದು ಅದರ ಸೂಚನೆ. ಅಂಥ ನಂಬರಿಗೆ ಫೋನ್ ಹಚ್ಚಿದವರಿಗೆ ಊರು ಗೊತ್ತು, ಮನೆಯೂ ಗೊತ್ತು, ಯಾಕೆಂದರೆ 08482 ಅಂದರೆ ಬೀದರ್, 08484 ಅಂದರೆ ಭಾಲ್ಕಿ, 08485 ಅಂದರೆ ಔರಾದ. ಗೊತ್ತಿಲ್ಲದ್ದು ಎತ್ತಿದ ಕೈ ಯಾರದ್ದು ಎಂಬುದೊಂದೇ. ಮನೆಯ ಯಜಮಾನರೋ, ಸೊಸೆಯೋ, ಅಂಗಡಿಯ ಹುಡುಗನೋ, ಆ ಹೊತ್ತಿಗೆ ಬಂದು ಕೂತ ಬೀಗರೋ? ‘ಯಾರ್ ಮಾತಾಡ್ಲತ್ತೀರಿ?’ ಎಂದು ಹಚ್ಚಿದವರೇ ಕೇಳುವ ಪದ್ಧತಿಗೆ ಇದು ಬುನಾದಿ. ಅವರು ಮನೆಯ ಗುರುತು ಕೇಳುತ್ತಿರಲಿಲ್ಲ, ಮನೆಯೊಳಗಿನ ಜನರಲ್ಲಿ ಇವರು ಯಾರು ಎಂದು ಕೇಳುತ್ತಿದ್ದರು.

ಆ ಕಾಲ ಹೋಯಿತು, ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಫೋನ್ ಇದೆ, ಹಳೆಯ ಪ್ರಶ್ನೆಗೆ ಈಗೇನು ಕೆಲಸ ಎಂದು ಕೇಳಬಹುದು. ಕೆಲಸ ಇದೆ, ಬೇರೆ ರೀತಿಯಲ್ಲಿದೆ. ಮಿಸ್ಡ್ ಕಾಲ್ ನೋಡಿ ತಿರುಗಿ ಹಚ್ಚುವವರನ್ನು ನೋಡಿ. 2019ರ ನವೆಂಬರಿನಲ್ಲಿ ಟ್ರಾಯ್ ಮಾಡಿದ ನಿಯಮದಂತೆ, ಎತ್ತದ ಮೊಬೈಲ್ 30 ಸೆಕೆಂಡ್ ರಿಂಗ್ ಆಗಿ ನಿಲ್ಲುತ್ತದೆ, ಸ್ಥಿರ ದೂರವಾಣಿಯಾದರೆ 60 ಸೆಕೆಂಡ್. ಹೊಲದ ಬದುವಿನ ಮೇಲೆ ಅಂಗಿಯೊಳಗೆ ಫೋನಿಟ್ಟು ಸೋಯಾಬೀನ್ ಸಾಲಿನಲ್ಲಿ ಕಳೆ ತೆಗೆಯುವವರಿಗೆ ಆ 30 ಸೆಕೆಂಡಿನಲ್ಲಿ ಬದುವಿಗೆ ಬಂದು ಮುಟ್ಟುವುದು ಆಗದ ಮಾತು. ಸಂಜೆ ಮನೆಗೆ ಬಂದು ಅದೇ ನಂಬರಿಗೆ ಹಚ್ಚುತ್ತಾರೆ. ‘ಈ ನಂಬರ್‌ದಿಂದ ಫೋನ್ ಬಂದಿತ್ರಿ, ಯಾರ್ ಮಾತಾಡ್ಲತ್ತೀರಿ?’ ತಾಂತ್ರಿಕವಾಗಿ ನೋಡಿದರೆ ಇವರೇ ಕರೆ ಮಾಡಿದವರು. ವ್ಯವಹಾರದ ಲೆಕ್ಕದಲ್ಲಿ ಇವರು ಕರೆಗೆ ಓಗೊಡುತ್ತಿರುವವರು, ಕೂಗಿದ್ದು ಆಚೆಯವರು, ಮಧ್ಯಾಹ್ನದ ಹೊತ್ತಿಗೆ. ಓಗೊಟ್ಟವರು ಕೂಗಿದವರ ಹೆಸರು ಕೇಳುವುದು ನ್ಯಾಯವೇ. ಬಾಗಿಲು ಬಡಿದವನೇ ಮನೆಯವರನ್ನು ಕೇಳಿದಂತೆ ಎಂಬ ದೂರು ನಿಲ್ಲದಿರುವುದು ಇಲ್ಲಿ. ಬಾಗಿಲು ಮೊದಲು ಬಡಿದವರು ಯಾರು ಎಂಬುದನ್ನೇ ಅದು ತಪ್ಪಾಗಿ ಓದಿದೆ.

ಇನ್ನು ಹಚ್ಚಿದವರು ತಮ್ಮನ್ನು ಹೇಗೆ ಗುರುತಿಸಿಕೊಳ್ಳುತ್ತಾರೆ ಎಂಬುದನ್ನು ಒಂದು ಮಾದರಿ ಕರೆಯಲ್ಲಿ ನೋಡಬಹುದು. ಇಲ್ಲಿ ಹೆಣೆದದ್ದು, ಆದರೆ ಇದರ ಒಂದೊಂದು ಸಾಲೂ ಈ ಭಾಗದಲ್ಲಿ ದಿನಾ ಕಿವಿಗೆ ಬೀಳುವಂಥದ್ದು. ಭಾಲ್ಕಿಯ ಅಡತಿ ಅಂಗಡಿಯಿಂದ ಔರಾದ ತಾಲ್ಲೂಕಿನ ಒಂದು ಹಳ್ಳಿಯ ಮನೆಗೆ ಫೋನ್ ಹೋಗಿದೆ ಎಂದಿಟ್ಟುಕೊಳ್ಳಿ.

‘ಹಲೋ.’
‘ಹಲೋ, ಯಾರ್ ಮಾತಾಡ್ಲತ್ತೀರಿ?’
‘ನೀವ್ ಯಾರ್ರೀ? ಯಾರ್ ಬೇಕಾಗಿತ್ತು?’
‘ಭಾಲ್ಕಿಯಿಂದ್ರಿ, ಗಂಜ್‌ನಾಗಿಂದ. ಕಾಕಾ ಅದಾರೇನ್ರಿ?’
‘ಅಪ್ಪಾ ಹೊಲಕ್ಕ ಹೋಗ್ಯಾರ್ರಿ. ಫೋನ್ ಮನ್ಯಾಗೇ ಬಿಟ್ಟಾರ.’
‘ಹೌದಾ? ಸಣ್ಣಾವ ಏನ್ ನೀ? ಆವಾಜ್ ಬರ್ಲತ್ತದಾ?’
‘ಹಾಂ, ಬರ್ಲತ್ತದ್ರಿ, ಹೇಳ್ರಿ.’
‘ಬಂದ್ ಮ್ಯಾಲ ಒಂದ್ ಫೋನ್ ಹಚ್ಚಲಾಕ್ ಹೇಳು.’

ಇಷ್ಟೂ ಮಾತಿನಲ್ಲಿ ಒಬ್ಬರೂ ತಮ್ಮ ಹೆಸರು ಹೇಳಿಲ್ಲ, ಆದರೂ ಯಾರು ಯಾರೆಂದು ಇಬ್ಬರಿಗೂ ತಿಳಿದಿದೆ. ಹಚ್ಚಿದವರು ಕೊಟ್ಟ ಗುರುತು ಎರಡು: ಊರು ಮತ್ತು ಸ್ಥಳ. ‘ಭಾಲ್ಕಿಯಿಂದ, ಗಂಜ್‌ನಾಗಿಂದ’ ಅಂದರೆ ಧಾನ್ಯದ ವ್ಯವಹಾರ, ಸಾಲವೋ ತೂಕವೋ ದರವೋ ಇರಬಹುದು ಎಂದು ಮನೆಯವರಿಗೆ ತಿಳಿಯುತ್ತದೆ. ಬರೀ ಹೆಸರು ಹೇಳಿದ್ದರೆ ಇಷ್ಟು ತಿಳಿಯುತ್ತಿರಲಿಲ್ಲ, ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ. ಎತ್ತಿದ ಹುಡುಗನೂ ಹೆಸರು ಹೇಳದೆ ‘ಅಪ್ಪಾ’ ಎಂಬ ಒಂದೇ ಶಬ್ದದಿಂದ ತಾನು ಆ ಮನೆಯ ಮಗ ಎಂದು ತಿಳಿಸಿಬಿಟ್ಟ. ಸೊಸೆ ಎತ್ತಿದ್ದರೆ ‘ಮಾಮಾ’ ಎನ್ನುತ್ತಿದ್ದಳು, ಹೆಂಡತಿ ಎತ್ತಿದ್ದರೆ ‘ಅವ್ರು ಇಲ್ರಿ’ ಎನ್ನುತ್ತಿದ್ದಳು. ಗಂಡನ ಹೆಸರು ಬಾಯಲ್ಲಿ ತರದ ಹಳೆಯ ತಲೆಮಾರಿನ ಹೆಂಗಸರ ‘ಅವ್ರು’ ಎಂಬುದೇ ಅವರ ಗುರುತಿನ ಚೀಟಿ. ಹಚ್ಚಿದವರ ‘ಕಾಕಾ’ ಕೂಡ ಸುಮ್ಮನೆ ಬಂದದ್ದಲ್ಲ. ಆ ಮನೆಯೊಡನೆ ತಮಗೆ ಹಿಂದಿನಿಂದ ಬಳಕೆ ಇದೆ, ಸಾಲ ವಸೂಲಿಗೆ ಬಂದ ಹೊರಗಿನವರಲ್ಲ ಎಂದು ಅದು ಹೇಳುತ್ತದೆ. ಹೀಗೆ ಸಂಬಂಧವಾಚಕದ ಮೂಲಕ ಗುರುತು ಕೊಡುವ ಕ್ರಮದಲ್ಲಿ ‘ಯಾರ್ರೀ?’ ಎಂಬ ಪ್ರಶ್ನೆ ಅನಿವಾರ್ಯ, ಯಾಕೆಂದರೆ ಯಾವ ಸಂಬಂಧವಾಚಕ ಬಳಸಬೇಕೆಂದು ತಿಳಿಯಲು ಎದುರಿನ ದನಿಯಿಂದ ಮೊದಲು ಒಂದೆರಡು ಮಾತಾದರೂ ಹೊರಡಬೇಕು.

ಈ ಕರೆಯಲ್ಲಿ ಇನ್ನೊಂದು ಸಂಗತಿಯಿದೆ, ಕಿವಿಗೊಟ್ಟರೆ ಮಾತ್ರ ಹಿಡಿಯುವಂಥದ್ದು. ಹಚ್ಚಿದವರು ಮೊದಲು ‘ಮಾತಾಡ್ಲತ್ತೀರಿ’, ‘ಅದಾರೇನ್ರಿ’ ಎಂದು ಬಹುವಚನದಲ್ಲಿದ್ದರು. ಹುಡುಗನ ಗುರುತು ಸಿಕ್ಕ ಮರುಕ್ಷಣ ‘ಸಣ್ಣಾವ ಏನ್ ನೀ’ ಎಂದು ಏಕವಚನಕ್ಕೆ ಇಳಿದರು, ಕೊನೆಗೆ ‘ಹೇಳು’ ಎಂದರು. ಹುಡುಗ ಮಾತ್ರ ಕೊನೆತನಕ ‘ರಿ’ ಬಿಡಲಿಲ್ಲ. ಉತ್ತರ ಕರ್ನಾಟಕದ ಕನ್ನಡದಲ್ಲಿ ಈ ‘ರಿ’ ಯಾವುದಕ್ಕೆ ಬೇಕಾದರೂ ಅಂಟುತ್ತದೆ: ಹೌದ್ರಿ, ಇಲ್ರಿ, ಯಾರ್ರೀ, ಭಾಲ್ಕಿಯಿಂದ್ರಿ, ಕೆಲವರ ಬಾಯಲ್ಲಿ ಹಲೋರಿ ಕೂಡ. ಗುರುತಿಲ್ಲದ ದನಿಗೆ ‘ರಿ’ ಹಚ್ಚಿ ಶುರು ಮಾಡುವುದು ಇಲ್ಲಿನ ಮುನ್ನೆಚ್ಚರಿಕೆ, ಗುರುತು ಸಿಕ್ಕ ಮೇಲೆ ಇಳಿಸುವುದು ಸಲುಗೆ. ಮೊದಲೇ ‘ರಿ’ ಇಲ್ಲದೆ ‘ಯಾರು?’ ಎಂದು ಕೇಳಿದರೆ, ಆಗ ದೂರಿದವರು ಹೇಳುವ ಒರಟುತನ ಇದೆಯೆಂದು ಒಪ್ಪಬಹುದು, ಬೀದರಿನವರಿಗೂ ಅದು ಒರಟಾಗಿಯೇ ಕೇಳಿಸುತ್ತದೆ. ‘ಯಾರ್ರೀ?’ ಅನ್ನುವುದರಲ್ಲಿ ಮರ್ಯಾದೆ ಮೊದಲೇ ಸೇರಿಕೊಂಡಿದೆ. ಹೊರಗಿನ ಕಿವಿಗೆ ಅದು ತಪ್ಪಿಹೋಗಲು ಕಾರಣ, ಅವರು ನಮಸ್ಕಾರ ಎಂಬ ಬಿಡಿ ಶಬ್ದದಲ್ಲಿ ಮರ್ಯಾದೆ ಹುಡುಕುತ್ತಾರೆ, ಇಲ್ಲಿ ಅದು ಪ್ರತ್ಯಯದಲ್ಲಿ ಕೂತಿರುತ್ತದೆ. ನಮಸ್ಕಾರವನ್ನು ಮೊದಲೇ ಹೇಳದಿರಲು ಇಲ್ಲಿ ಇನ್ನೊಂದು ಕಾರಣವೂ ಇದೆ. ‘ಶರಣ್ರೀ’, ‘ಜೈ ಭೀಮ್’, ‘ಸಲಾಂ ಅಲೈಕುಂ’, ‘ರಾಮ್ ರಾಮ್’ ಎಲ್ಲವೂ ಈ ಜಿಲ್ಲೆಯ ನಮಸ್ಕಾರಗಳೇ. ಯಾರಿಗೆ ಯಾವುದು ಎಂದು ತಿಳಿಯಬೇಕಾದರೆ ಯಾರು ಎಂದು ಮೊದಲು ಗೊತ್ತಾಗಬೇಕು.

ಭಾಷೆಯ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಔರಾದದ ಸುತ್ತ ನೋಡಿದರೆ ಒಂದು ಕಡೆ ಉದಗೀರ, ಇನ್ನೊಂದು ಕಡೆ ದೇಗಲೂರು, ಪೂರ್ವಕ್ಕೆ ತೆಲಂಗಾಣದ ನಾರಾಯಣಖೇಡ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ, ಒಂದೇ ಸಂತೆಯಲ್ಲಿ ಇಷ್ಟೂ ಕೇಳುತ್ತವೆ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ, ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿ ಒಳಗೆ ಕನ್ನಡ ಕಲಿಸಿದ್ದು ಆ ಕಾಲದಲ್ಲಿ. ಇಂಥ ನೆಲದಲ್ಲಿ ‘ಹಲೋ’ ಎಂಬುದು ಯಾವ ಭಾಷೆಯದ್ದೂ ಅಲ್ಲದ್ದರಿಂದ ಎಲ್ಲರಿಗೂ ಅನುಕೂಲ. ಭಾಷೆ ಬಯಲಾಗುವುದು ಎರಡನೆಯ ಮಾತಿನಲ್ಲಿ. ಒಬ್ಬರು ‘ಯಾರ್ ಮಾತಾಡ್ಲತ್ತೀರಿ?’ ಎಂದರೆ ಇನ್ನೊಬ್ಬರು ‘ಕೋಣ್ ಬೋಲ್ತಯ್?’ ಎನ್ನಬಹುದು, ಮತ್ತೊಬ್ಬರು ‘ಕೌನ್ ಬೋಲ್‌ರೈಂ ಜೀ?’ ಎನ್ನಬಹುದು. ಮೂರರ ಹಂದರವೂ ಒಂದೇ, ಶಬ್ದಗಳು ಮಾತ್ರ ಬೇರೆ. ಇಂಥ ಹೊಂದಾಣಿಕೆಯನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನ ಕನ್ನಡ, ಮರಾಠಿ, ಉರ್ದುಗಳಲ್ಲಿ ಗುರುತಿಸಿ 1971ರಲ್ಲಿ ಬರೆದರು. ಶತಮಾನಗಳ ಒಡನಾಟದಿಂದ ಅಲ್ಲಿನ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಒಂದರ ವಾಕ್ಯವನ್ನು ಶಬ್ದಕ್ಕೆ ಶಬ್ದ ಕೂಡಿಸಿ ಇನ್ನೊಂದಕ್ಕೆ ತಿರುಗಿಸಬಹುದಿತ್ತು. ಬೀದರಿನ ಫೋನ್ ಮಾತಿಗೂ ಅದೇ ನೆಂಟಸ್ತಿಕೆ ಇದೆ. ಕನ್ನಡದವರು ಫೋನ್ ‘ಹಚ್ತಾರ’, ಮರಾಠಿಯವರು ‘ಲಾವ್ತಾತ್’, ದಖನಿಯವರು ‘ಲಗಾತೇ’.

ಹಾಗಿದ್ದ ಮೇಲೆ ಎರಡನೆಯ ಮಾತನ್ನು ಯಾವ ಭಾಷೆಯಲ್ಲಿ ಆಡಿದರೇನು ಎಂದರೆ, ಅಲ್ಲೇ ಎಲ್ಲ ವ್ಯತ್ಯಾಸ ಇರುವುದು. ಭಾಷೆ ಬದಲಿಸುವುದು ಸುಲಭವಾದಲ್ಲಿ ಮೊದಲು ನುಡಿದವರ ಭಾಷೆ ಉಳಿದುಕೊಳ್ಳುತ್ತದೆ, ಯಾಕೆಂದರೆ ಎದುರಿನವರು ತೊಂದರೆಯಿಲ್ಲದೆ ಅದಕ್ಕೆ ಹೊಂದಿಕೊಳ್ಳುತ್ತಾರೆ. ಪಾರ್ಸಲ್ ತಂದವರು ‘ಹಲೋ, ಕಹಾಂ ಪೆ ಹೋ ಆಪ್?’ ಎಂದು ಶುರು ಮಾಡಿದರೆ ಬೀದರಿನ ಶುದ್ಧ ಕನ್ನಡಿಗರೂ ಅರಿವಿಲ್ಲದೆ ಹಿಂದಿಯಲ್ಲಿ ದಾರಿ ಹೇಳುತ್ತಾರೆ, ಎಷ್ಟೋ ಸಲ ಪಾರ್ಸಲ್ ತಂದವರೂ ಪಕ್ಕದ ಓಣಿಯ ಕನ್ನಡದವರೇ ಆಗಿರುತ್ತಾರೆ. ‘ಯಾರ್ರೀ?’ ಎಂದು ಎತ್ತಿದವರು ತಾವೇ ಮೊದಲು ಕನ್ನಡದಲ್ಲಿ ಕೇಳಿದರೆ ಆ ಕರೆ ಬಹುಪಾಲು ಕನ್ನಡದಲ್ಲಿ ಸಾಗುತ್ತದೆ, ಆಚೆಯವರಿಗೆ ಕನ್ನಡ ಬಾರದಿದ್ದರೆ ಮರುಮಾತಿನಲ್ಲೇ ತಿಳಿಯುತ್ತದೆ. ಹೆಸರು ಹೇಳಿ ಶುರು ಮಾಡುವ ಪದ್ಧತಿಯಲ್ಲಿ ಇದು ಆಗುವುದಿಲ್ಲ, ಹೆಸರಿಗೆ ಭಾಷೆ ಇಲ್ಲ. ನಾಡಿನ ಗಡಿಯಲ್ಲಿ ಭಾಷೆಯ ಬಗ್ಗೆ ಕಳಕಳಿ ಇರುವವರು ಫಲಕಗಳ ಲೆಕ್ಕ ಹಾಕುತ್ತ ಕೂರುವುದುಂಟು. ಈ ಒಂದು ಪ್ರಶ್ನೆಯನ್ನು ಒರಟೆಂದು ಬಿಡಿಸಲು ಹೋಗದಿರುವುದು ಅದಕ್ಕಿಂತ ಲಾಭದ ಕೆಲಸ.

ಈಗ ಪ್ರಬಲವಾದ ಆಕ್ಷೇಪಕ್ಕೆ ಬರೋಣ. ಸೇವ್ ಮಾಡಿದ ನಂಬರಿನಿಂದ ಫೋನ್ ಬಂದರೆ ಹೆಸರು ಪರದೆಯ ಮೇಲೆ ಬರುತ್ತದೆ, ಇಲ್ಲದಿದ್ದರೆ ಟ್ರೂಕಾಲರ್ ತೋರಿಸುತ್ತದೆ. ಯಾರೆಂದು ಕೇಳುವ ಅಗತ್ಯವೇ ಹೋಯಿತು ಎನ್ನುತ್ತಾರೆ. ಪರಿಚಿತರ ಮಟ್ಟಿಗೆ ಇದು ನಿಜ, ಮಾತಿನ ಕ್ರಮವೂ ಬದಲಾಗಿದೆ. ಹೆಸರು ಕಂಡ ಕರೆಯನ್ನು ಈಗ ‘ಹಲೋ’ ಎಂದು ಎತ್ತುವುದೇ ಅಪರೂಪ, ‘ಹಾಂ, ಹೇಳು’, ‘ಹೇಳ್ರಿ ಅಣ್ಣಾರ’ ಎಂದು ಎತ್ತುತ್ತಾರೆ. ಮರಾಠಿಯವರ ‘ಹಾಂ, ಬೋಲಾ’, ತೆಲುಗರ ‘ಚೆಪ್ಪಂಡಿ’ ಇದರ ಜೊತೆಯವು. ಫಿನ್ಲೆಂಡಿನ ಮೊಬೈಲ್ ಕರೆಗಳನ್ನು ಪರಿಶೀಲಿಸಿದವರೂ, ಯಾರೆಂದು ಗೊತ್ತಿದ್ದರೆ ಎತ್ತಿದವರ ಮೊದಲ ಮಾತೇ ಆ ವ್ಯಕ್ತಿಗೆ ತಕ್ಕಂತೆ ಬದಲಾಗುವುದನ್ನು ಕಂಡಿದ್ದಾರೆ. ಗಮನಿಸಬೇಕಾದದ್ದು, ‘ಹೇಳು’ ಮತ್ತು ‘ಹೇಳ್ರಿ’ ಎಂಬ ಭೇದದಲ್ಲಿ ಭಾಷೆ, ಸಲುಗೆ ಎರಡೂ ಇತ್ಯರ್ಥವಾಗಿಬಿಡುತ್ತವೆ. ಹಳೆಯ ಪ್ರಶ್ನೆಯ ಕೆಲಸ ಹೋಗಿಲ್ಲ, ಅದು ಎರಡನೆಯ ಮಾತಿನಿಂದ ಮೊದಲ ಮಾತಿಗೆ ಏರಿದೆ. ‘ಯಾರು’ ಎಂಬುದರ ಜಾಗಕ್ಕೆ ‘ಎಲ್ಲಿದ್ದೀರಿ?’ ಬಂದು ಕೂತಿದೆ. ಸ್ಥಿರ ದೂರವಾಣಿಯಲ್ಲಿ ಸ್ಥಳ ಗೊತ್ತಿದ್ದು ವ್ಯಕ್ತಿ ಗೊತ್ತಿರಲಿಲ್ಲ, ಮೊಬೈಲಿನಲ್ಲಿ ವ್ಯಕ್ತಿ ಗೊತ್ತಿದ್ದು ಸ್ಥಳ ಗೊತ್ತಿಲ್ಲ.

ಅಪರಿಚಿತ ನಂಬರಿನ ಮಾತು ಬೇರೆ. ಕರೆ ಮಾಡಿದವರ ಹೆಸರನ್ನು ದೂರವಾಣಿ ಕಂಪನಿಗಳೇ ತೋರಿಸುವ ವ್ಯವಸ್ಥೆಗೆ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಅದರಲ್ಲಿ ತೋರಿಸುವುದು ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆದ ಹೆಸರು. ಒಂದು ಮನೆಯ ನಾಲ್ಕು ಸಿಮ್ ಮನೆಯ ಯಜಮಾನರೊಬ್ಬರ ಆಧಾರ್ ಮೇಲೆ ಬಂದಿರುವುದು ನಮ್ಮ ಹಳ್ಳಿಗಳಲ್ಲಿ ಹೊಸತೇನಲ್ಲ. ಪರದೆಯ ಮೇಲೆ ತಂದೆಯ ಹೆಸರು, ದನಿ ಪುಣೆಗೆ ದುಡಿಯಲು ಹೋದ ಮಗನದ್ದು. ಅಣ್ಣನ ಹೆಸರಿನ ಸಿಮ್ಮು ಮದುವೆಯಾಗಿ ಹೋದ ತಂಗಿಯ ಕೈಯಲ್ಲಿ. ಟ್ರೂಕಾಲರ್ ಇನ್ನೂ ಮೋಜಿನದ್ದು, ಬೇರೆಯವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ‘ಬೋರ್‌ವೆಲ್ ಭಾಲ್ಕಿ’, ‘ಟೆಂಟ್ ಔರಾದ’ ಎಂಬಂಥ ಹೆಸರೂ ಅಲ್ಲಿ ಮೂಡುತ್ತದೆ. ಇಂಥಲ್ಲಿ ಪರದೆಯ ಹೆಸರನ್ನು ನಂಬಿ ‘ಹೇಳ್ರಿ ಕಾಕಾ’ ಎಂದವರು ಕಾಕಾನ ಮೊಮ್ಮಗನೊಡನೆ ಮಾತಿಗಿಳಿದಿರುತ್ತಾರೆ. ‘ಯಾರ್ರೀ?’ ಎಂಬುದು ಈ ಗೊಂದಲದಿಂದ ಪಾರಾಗಲು ಇನ್ನೂ ಎಲ್ಲಕ್ಕಿಂತ ಅಗ್ಗದ ಉಪಾಯ.

ಎತ್ತಿ ಸುಮ್ಮನಿರುವ ರೂಢಿಯೂ ಬೆಳೆದಿದೆ. ರಾಂಗ್ ನಂಬರಿನ ಕಿರುಕುಳ ಕಂಡ ಹೆಂಗಸರು ಹಸಿರು ಗುಂಡಿ ಒತ್ತಿ, ಉಸಿರೂ ಬಿಡದೆ, ಆಚೆಯ ದನಿ ಕೇಳುವವರೆಗೆ ಕಾಯುತ್ತಾರೆ. ಶೆಗ್ಲಾಫ್‌ಗೆ ಐನೂರರಲ್ಲಿ ಒಂದು ಸಿಕ್ಕ ಅಪವಾದ ಇಲ್ಲಿ ಬೇಕೆಂದೇ ಮಾಡುವ ತಂತ್ರ. ಆಚೆಯವರು ‘ಹಲೋ’ ಎಂದು ಎರಡನೆಯ ಸಲ ಕೂಗಲೇಬೇಕು, ಕೂಗಿದರೆ ದನಿ ಬಯಲಾಗುತ್ತದೆ, ಪರಿಚಿತ ದನಿಯಾದರೆ ಮಾತು, ಇಲ್ಲದಿದ್ದರೆ ‘ಯಾರ್ ಬೇಕಾಗಿತ್ರಿ?’ ಮಾತ್ರ. ಇದನ್ನು ಅಸಭ್ಯತೆ ಎನ್ನುವ ಹಕ್ಕು ಇತರರಿಗಿಲ್ಲ.

ಮಾದರಿ ಕರೆಯಲ್ಲಿ ಬಂದ ‘ಆವಾಜ್ ಬರ್ಲತ್ತದಾ?’ ಎಂಬ ಪ್ರಶ್ನೆಗೆ ಕಾರಣ ಬೇರೆ, ಆದರೆ ಅದನ್ನೂ ಬರೀ ನೆಟ್‌ವರ್ಕಿನ ಮೇಲೆ ಹಾಕಿ ಕೈ ತೊಳೆಯಲಾಗದು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಬಿಡುವು ಸರಾಸರಿಯಲ್ಲಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸು ಎಂದು ತೋರಿಸಿತು. ನಮ್ಮ ಕಿವಿಗೆ ರೂಢಿಯಾದ ಮೌನ ಅಷ್ಟು ಚಿಕ್ಕದು. ಫೋನಿನಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ತಗಲುವ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಚೆನ್ನ, 400 ದಾಟಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗದರ್ಶಿ. ವಿಳಂಬ 300 ಎಂದಿಟ್ಟುಕೊಳ್ಳಿ. ನನ್ನ ‘ಹಲೋ’ ಆಚೆ ಮುಟ್ಟಲು 300, ಅವರು ತಡಮಾಡದೆ ಕೊಟ್ಟ ಉತ್ತರ ತಿರುಗಿ ಬರಲು ಇನ್ನೊಂದು 300, ಅವರ ಸಹಜ ಬಿಡುವಿನ 200 ಸೇರಿ ನನ್ನ ಕಿವಿಗೆ 800 ಮಿಲಿಸೆಕೆಂಡಿನ ಮೌನ. ರೂಢಿಯ ನಾಲ್ಕು ಪಟ್ಟು. ಅಷ್ಟರಲ್ಲಿ ನನಗೆ ಅನುಮಾನ ಬಂದು ‘ಆವಾಜ್ ಬರ್ಲತ್ತದಾ?’ ಎನ್ನುತ್ತೇನೆ, ಅದೇ ಹೊತ್ತಿಗೆ ಅವರ ಉತ್ತರ ಬರುತ್ತದೆ, ಇಬ್ಬರ ಮಾತೂ ಡಿಕ್ಕಿ ಹೊಡೆದು ಇಬ್ಬರೂ ನಿಲ್ಲುತ್ತೇವೆ, ಮತ್ತೆ ಮೌನ, ಮತ್ತೆ ಇಬ್ಬರೂ ‘ಹಲೋ’. ವಾಟ್ಸ್ಆ್ಯಪ್ ಕರೆಯಲ್ಲಿ ಇದು ಹೆಚ್ಚು. ದನಿ ಹೋಗುತ್ತಲೇ ಇರುತ್ತದೆ, ಕೆಟ್ಟಿರುವುದು ಸರದಿ. ನಿಜವಾಗಿ ಒಂದು ಕಡೆಯ ದನಿ ಸತ್ತಿದ್ದರೆ ತಿಳಿಯುವ ಬಗೆ ಬೇರೆ: ಆಚೆಯವರು ನಮ್ಮ ಮಾತಿಗೆ ಸಂಬಂಧವೇ ಇಲ್ಲದಂತೆ ‘ಹಲೋ, ಹಲೋ’ ಎನ್ನುತ್ತಲೇ ಇರುತ್ತಾರೆ. ಮೊದಲನೆಯದಕ್ಕೆ ಮದ್ದು, ಒಬ್ಬರು ಸುಮ್ಮನಾಗಿ ಇನ್ನೊಬ್ಬರ ವಾಕ್ಯ ಮುಗಿಯಗೊಡುವುದು. ಎರಡನೆಯದಕ್ಕೆ ಮದ್ದು, ಕಟ್ ಮಾಡಿ ಮತ್ತೆ ಹಚ್ಚುವುದು. ಎರಡಕ್ಕೂ ಜೋರಾಗಿ ಕಿರುಚುವುದು ಮದ್ದಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಇದು ಗೊತ್ತಿದೆ.

ಇನ್ನು ಫೋನ್ ಇಡುವಾಗ ಕೇಳಿಸುವ ‘ಇಡ್ರಿ, ನಾನೇ ಹಚ್ತೀನಿ’ ಎಂಬ ಮಾತು ಹುಟ್ಟಿದ್ದು ದುಡ್ಡಿನ ಲೆಕ್ಕದಿಂದ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ಬಂದ ಕರೆಗೂ ಹಣ ಬೀಳುತ್ತಿತ್ತು, 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಅಲ್ಲಿಂದ ಮುಂದೆ ಹಚ್ಚಿದವರದ್ದೇ ಖರ್ಚು, ಅದರ ಜೊತೆಗೆ ಮಿಸ್ಡ್ ಕಾಲ್ ಎಂಬ ಬಿಟ್ಟಿ ಸಂದೇಶ. ಆಫ್ರಿಕಾದ ದೇಶಗಳಲ್ಲಿ ಇದನ್ನು ನೋಡಿದ ಜೊನಾಥನ್ ಡೋನರ್ 2007ರಲ್ಲಿ ಅದರ ಅಲಿಖಿತ ನಿಯಮಗಳ ಬಗ್ಗೆ ಬರೆದರು. ಉಳ್ಳವರು ತಿರುಗಿ ಹಚ್ಚಬೇಕು ಎಂಬುದು ಅದರಲ್ಲಿ ಒಂದು. ಬೀದರಿನ ಸೀಮೆಯಲ್ಲಿ ಇದಕ್ಕೆ ಬಳಗದ ಲೆಕ್ಕವೂ ಸೇರಿತ್ತು. ತಂಗಿಯ ಮಿಸ್ಡ್ ಕಾಲಿಗೆ ಅಣ್ಣ ಹಚ್ಚಬೇಕು, ಬೀಗರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮಾನ ಹೋದಂತೆ. ಗಡಿಯ ಹಳ್ಳಿಗಳಿಗೆ ಇನ್ನೊಂದು ಕಾಟವಿತ್ತು, ರೋಮಿಂಗ್. ಮನೆಯಂಗಳದಲ್ಲೇ ಕೂತರೂ ಫೋನು ಮಹಾರಾಷ್ಟ್ರದ ಟವರ್ ಹಿಡಿದುಬಿಟ್ಟರೆ ಬಂದ ಕರೆಗೂ ಹಣ. ‘ರೋಮಿಂಗ್ ಅದ, ಇಡು, ಆಮ್ಯಾಲ ಹಚ್ತೀನಿ’ ಎಂಬುದು ಆಗ ನೆಪವಲ್ಲ, ನಿಜವಾದ ಮುಗ್ಗಟ್ಟು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಮರುವರ್ಷದ ಹೊತ್ತಿಗೆ ದೊಡ್ಡ ಕಂಪನಿಗಳೂ ರೋಮಿಂಗ್ ಶುಲ್ಕ ಬಿಟ್ಟ ಮೇಲೆ ಈ ಕಾರಣಗಳೆಲ್ಲ ಹೋದವು.

ಕಾರಣ ಹೋದರೂ ಮಾತು ಉಳಿಯಿತು, ಆದ್ದರಿಂದ ಅದು ಈಗ ಟೊಳ್ಳು, ತಪ್ಪಿಸಿಕೊಳ್ಳುವ ಸಬೂಬು ಎಂದು ಕೆಲವರು ವಾದಿಸುತ್ತಾರೆ. ಅರ್ಧ ಸರಿ. ಆದರೆ ಆಡುವವರೇ ಅದರೊಳಗೆ ಗುರುತುಗಳನ್ನು ಇಟ್ಟಿರುತ್ತಾರೆ, ಕೇಳುವವರು ಅದನ್ನು ಓದುತ್ತಾರೆ. ‘ಗಾಡಿ ಮ್ಯಾಲ ಅದೀನಿ, ಹತ್ತ್ ಮಿನಿಟ್ ಬಿಟ್ಟು ನಾನೇ ಹಚ್ತೀನಿ’ ಎಂಬುದರಲ್ಲಿ ಕಾರಣ ಇದೆ, ಹೊತ್ತು ಇದೆ, ಹೊಣೆ ಯಾರದ್ದೆಂದೂ ಇದೆ. ಅದು ವಚನ. ‘ನೋಡೋಣು, ಆಮ್ಯಾಲ ಮಾತಾಡೋಣು’ ಎಂಬುದರಲ್ಲಿ ಮೂರೂ ಇಲ್ಲ, ಸಾಲ ಕೇಳಲು ಹಚ್ಚಿದವರಿಗೆ ಅಷ್ಟರಲ್ಲೇ ಉತ್ತರ ಸಿಕ್ಕಿರುತ್ತದೆ. ‘ಆವಾಜ್ ಬರ್ಲತ್ತಿಲ್ಲ, ಆಮ್ಯಾಲ ಹಚ್ಚು’ ಎಂಬುದು ಇನ್ನೂ ಜಾಣತನದ್ದು, ತಪ್ಪನ್ನು ಟವರಿನ ಮೇಲೆ, ಖರ್ಚನ್ನು ಆಚೆಯವರ ಮೇಲೆ ಹಾಕುತ್ತದೆ. ನೇರವಾಗಿ ಇಲ್ಲವೆನ್ನಲಾಗದ ಬಳಗದಲ್ಲಿ ಇಂಥ ಮಾತುಗಳಿಗೆ ಜಾಗ ಇದ್ದೇ ಇರುತ್ತದೆ.

ಉಳಿದ ಕೊನೆಯ ಆಕ್ಷೇಪ ನಯಗಾರಿಕೆಯದ್ದು. ಕಾಲ್ ಸೆಂಟರಿನವರು ಎಷ್ಟು ಚೆನ್ನಾಗಿ ನಮಸ್ಕಾರ ಹೇಳಿ, ಹೆಸರು, ಸಂಸ್ಥೆ ಎಲ್ಲ ತಿಳಿಸಿ ಮಾತು ಶುರು ಮಾಡುತ್ತಾರೆ, ನಾವೂ ಹಾಗೆ ಕಲಿಯಬಾರದೇ ಎಂಬುದು. ಅದು ವ್ಯಾಪಾರದ ಕರೆಗೆ ಹೊಂದುವ ಕ್ರಮ, ಆಗಲಿ. ಆದರೆ ಅಪರಿಚಿತರು ತಾವಾಗಿ ಹೇಳಿಕೊಂಡ ಗುರುತಿಗೆ ಬೆಲೆ ಎಷ್ಟು ಎಂಬುದನ್ನು ಈಚಿನ ಸೈಬರ್ ವಂಚನೆಗಳು ತೋರಿಸಿಕೊಟ್ಟಿವೆ. ವಂಚಕರ ಕರೆ ಯಾವತ್ತೂ ‘ಯಾರ್ ಮಾತಾಡ್ಲತ್ತೀರಿ?’ ಎಂದು ಶುರುವಾಗುವುದಿಲ್ಲ. ಅಚ್ಚುಕಟ್ಟಾಗಿ ಹೆಸರು, ಹುದ್ದೆ, ಬ್ಯಾಂಕು ಅಥವಾ ಪೊಲೀಸ್ ಠಾಣೆ ಹೇಳಿಯೇ ಶುರುವಾಗುತ್ತದೆ, ಬಹುಪಾಲು ಹಿಂದಿಯಲ್ಲಿ. ಇಲ್ಲಿ ಬೀದರಿನ ಹಳೆಯ ಮಾತುಗಳು ಒಂದೊಂದಾಗಿ ಕೆಲಸಕ್ಕೆ ಬರುತ್ತವೆ. ‘ಯಾರ್ರೀ? ಯಾವ ಬ್ರಾಂಚ್? ಎಲ್ಲಿಂದ ಮಾತಾಡ್ಲತ್ತೀರಿ?’ ಎಂದು ಕನ್ನಡದಲ್ಲೇ ಊರು, ಸ್ಥಳ ಕೇಳಿದರೆ ಕಾಗದ ನೋಡಿ ಓದುವವರು ತಡವರಿಸುತ್ತಾರೆ. ಭಾಲ್ಕಿಯ ಶಾಖೆಯಿಂದ ಎಂದವರಿಗೆ ಆ ಶಾಖೆ ಇರುವ ರಸ್ತೆ ಗೊತ್ತಿರುವುದಿಲ್ಲ. ಆಮೇಲೆ ಆಡಬೇಕಾದದ್ದು ‘ಇಡ್ರಿ, ನಾನೇ ಹಚ್ತೀನಿ’. ತಿರುಗಿ ಹಚ್ಚುವುದು ಅವರ ನಂಬರಿಗಲ್ಲ, ಪಾಸ್‌ಬುಕ್ಕಿನ ಮೇಲೆ ಅಚ್ಚಾದ ಶಾಖೆಯ ನಂಬರಿಗೆ. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಅದೂ ತಡಮಾಡದೆ, ಯಾಕೆಂದರೆ ಖಾತೆಯಿಂದ ಖಾತೆಗೆ ಹಾರುವ ದುಡ್ಡನ್ನು ತಡೆಯಲು ಸಿಗುವ ಹೊತ್ತು ಬಹಳ ಕಡಿಮೆ. ಬ್ಯಾಂಕಿನ ನಿಜವಾದ ಸಿಬ್ಬಂದಿಗೆ ‘ನಾನೇ ಹಚ್ತೀನಿ’ ಎಂಬುದರಿಂದ ತೊಂದರೆಯಿಲ್ಲ, ‘ಆಯ್ತ್ರಿ’ ಎಂದು ಇಡುತ್ತಾರೆ. ‘ಲೈನ್ ಕಟ್ ಮಾಡಬೇಡಿ, ಮಾಡಿದರೆ ಕೇಸ್ ಆಗುತ್ತದೆ’ ಎಂದು ಗದರಿಸುವವರು ಮಾತ್ರ ಆ ಮಾತಿಗೆ ಹೆದರುತ್ತಾರೆ.